ಎಲೆಕ್ಟ್ರಾನ್ ಕ್ಯಾಪ್ಚರಾ, ಪಾಸಿಟ್ರಾನಾ? ಪರಮಾಣು ರಾಶಿಯ ವ್ಯತ್ಯಾಸದಿಂದ ತೀರ್ಮಾನಿಸುವ ಕ್ರಮ

ಡೊಂಬಿವಲಿ, ಠಾಣೆ, ಮಾಟುಂಗಾ ಕಡೆಯಿಂದ ಪಾಠಕ್ಕೆ ಬರುವ ನಮ್ಮ ಕನ್ನಡದ ಬಿ.ಎಸ್ಸಿ. ಮಕ್ಕಳ ಉತ್ತರಗಳಲ್ಲಿ ಒಂದೇ ತಪ್ಪನ್ನು ಮತ್ತೆ ಮತ್ತೆ ನೋಡುತ್ತಿದ್ದೇನೆ. ಪ್ರೋಟಾನ್ ನ್ಯೂಟ್ರಾನ್ ಆಗುವಾಗ ನ್ಯೂಕ್ಲಿಯಸ್ ಒಂದು ಎಲೆಕ್ಟ್ರಾನನ್ನು ಒಳಗೆ ಎಳೆದುಕೊಳ್ಳುತ್ತದಾ, ಪಾಸಿಟ್ರಾನನ್ನು ಹೊರಹಾಕುತ್ತದಾ ಅಂತ ರಾಶಿಗಳಿಂದ ಹೇಳುವ ಲೆಕ್ಕ ಅದು. ಎರಡು ರಾಶಿಗಳನ್ನು ಕಳೆಯುವುದು ಎಲ್ಲರಿಗೂ ಬರುತ್ತದೆ. ಆದರೆ ಎಲೆಕ್ಟ್ರಾನಿನ ರಾಶಿಯನ್ನು ಎಲ್ಲಿ ಕಳೆಯಬೇಕು, ಎಷ್ಟು ಸಲ ಕಳೆಯಬೇಕು, ಎಲ್ಲಿ ಮುಟ್ಟಲೇಬಾರದು ಅನ್ನುವಲ್ಲಿ ಲೆಕ್ಕ ಕೆಡುತ್ತದೆ. ಸೂತ್ರವನ್ನು ಬಾಯಿಪಾಠ ಮಾಡಿದವರೂ ಎಡವುತ್ತಾರೆ, ಏಕೆಂದರೆ ಆ ಸೂತ್ರ ಯಾವ ರಾಶಿಗೆ ಬರೆದದ್ದು ಅಂತ ಅವರು ಕೇಳಿಕೊಂಡಿರುವುದಿಲ್ಲ.

ಈ ಬರಹದಲ್ಲಿ ಜಿಂಕ್-65 ಅನ್ನು ಮೊದಲಿಂದ ಕೊನೆಯವರೆಗೆ ಬಿಡಿಸುತ್ತೇನೆ. ಪಾಸಿಟ್ರಾನ್ ಹೊರಬರಲು ದಾಟಬೇಕಾದ 1.022 ಎಂಇವಿಯ ಗೆರೆಯನ್ನು ಅದು ಸ್ವಲ್ಪವೇ ದಾಟಿ ಕೂತಿದೆ. ಹಾಗಾಗಿ ಎಲ್ಲೇ ಸಣ್ಣ ತಪ್ಪು ಮಾಡಿದರೂ ತೀರ್ಮಾನವೇ ತಲೆಕೆಳಗಾಗುತ್ತದೆ. ಗೆರೆಯ ಕೆಳಗಿನದಕ್ಕೆ ಬೆರಿಲಿಯಮ್-7, ಆರಾಮವಾಗಿ ಮೇಲಿರುವುದಕ್ಕೆ ಫ್ಲೋರಿನ್-18 ಜೊತೆಗಿರಲಿ.

## ಕೈಯಲ್ಲಿ ಏನೇನು ಇರಬೇಕು

ಆರಕ್ಕಿಂತ ಕಡಿಮೆಯಿಲ್ಲದ ದಶಮಾಂಶ ಸ್ಥಾನ ಕೊಡುವ ಪರಮಾಣು ರಾಶಿಗಳ ಪಟ್ಟಿ ಬೇಕು. ಏಳು ಇದ್ದರೆ ಇನ್ನೂ ಒಳ್ಳೆಯದು. ಎರಡೂ ರಾಶಿಗಳನ್ನು ಒಂದೇ ಪಟ್ಟಿಯಿಂದ ತೆಗೆದುಕೊಳ್ಳಿ. ಒಂದನ್ನು ಹಳೆಯ ಪಠ್ಯಪುಸ್ತಕದಿಂದ, ಇನ್ನೊಂದನ್ನು ಹೊಸ ಪಟ್ಟಿಯಿಂದ ಎತ್ತಿಕೊಂಡರೆ ಕೊನೆಯ ಅಂಕೆಗಳು ಹೊಂದುವುದಿಲ್ಲ. ನಮ್ಮ ಲೆಕ್ಕ ನಿಂತಿರುವುದೇ ಆ ಕೊನೆಯ ಅಂಕೆಗಳ ಮೇಲೆ.

ಒಡೆದ ಮೇಲೆ ಉಳಿಯುವ ಮಗಳು ನ್ಯೂಕ್ಲಿಯಸ್ಸಿನ ಎನರ್ಜಿ ಲೆವೆಲ್‌ಗಳ ಪಟ್ಟಿಯೂ ಹತ್ತಿರವಿರಲಿ. ಇದನ್ನು ಬಹಳ ಜನ ತೆರೆದೇ ನೋಡುವುದಿಲ್ಲ. ಆರನೇ ಹಂತದಲ್ಲಿ ಅದರ ಕೆಲಸವಿದೆ.

ನೆನಪಿಡಬೇಕಾದ ಅಂಕೆಗಳು ಮೂರೇ:

```
1 u   = 931.494 MeV
m_e   = 0.511 MeV
2 m_e = 1.022 MeV
```

ಕೆಳಗೆ ಇವನ್ನು ಯು, ಎಂಇವಿ ಅಂತಲೇ ಬರೆಯುತ್ತೇನೆ. ಒಡೆಯುವ ಪರಮಾಣುವನ್ನು ತಾಯಿ ಅಂತಲೂ, ಉಳಿಯುವುದನ್ನು ಮಗಳು ಅಂತಲೂ ಕರೆಯುತ್ತೇನೆ.

## ಹಂತ 1: ಯಾರು ಯಾರಾಗುತ್ತಾರೆ ಅಂತ ಬರೆಯಿರಿ

ಎರಡು ದಾರಿಯಲ್ಲೂ ನ್ಯೂಕ್ಲಿಯಸ್ಸಿನ ಒಂದು ಪ್ರೋಟಾನ್ ನ್ಯೂಟ್ರಾನ್ ಆಗುತ್ತದೆ. ಪರಮಾಣು ಸಂಖ್ಯೆ ಒಂದು ಇಳಿಯುತ್ತದೆ, ಪ್ರೋಟಾನ್ ನ್ಯೂಟ್ರಾನ್ ಎರಡೂ ಸೇರಿದ ಒಟ್ಟು ಸಂಖ್ಯೆ ಹಾಗೇ ಇರುತ್ತದೆ. ಜಿಂಕ್ 30ನೆಯದು, ಒಂದು ಇಳಿದರೆ 29, ಅಂದರೆ ತಾಮ್ರ. ಹಾಗಾಗಿ ಜಿಂಕ್-65ರ ಮಗಳು ತಾಮ್ರ-65. ಬೆರಿಲಿಯಮ್-7ಕ್ಕೆ ಲಿಥಿಯಮ್-7, ಫ್ಲೋರಿನ್-18ಕ್ಕೆ ಆಕ್ಸಿಜನ್-18.

ಮಗಳು ಒಬ್ಬಳೇ, ದಾರಿ ಎರಡು. ಕ್ಯಾಪ್ಚರ್‌ಗೆ ಒಂದು ಮಗಳು, ಪಾಸಿಟ್ರಾನ್‌ಗೆ ಇನ್ನೊಂದು ಅಂತ ಬರೆದಿದ್ದರೆ ಅಲ್ಲೇ ನಿಲ್ಲಿಸಿ ತಿದ್ದಿಕೊಳ್ಳಿ.

## ಹಂತ 2: ಕೈಯಲ್ಲಿರುವುದು ಪರಮಾಣುವಿನ ರಾಶಿಯಾ, ನ್ಯೂಕ್ಲಿಯಸ್ಸಿನದಾ?

ಲೆಕ್ಕ ಶುರುವಾಗುವ ಮೊದಲೇ ಕೆಡುವ ಜಾಗ ಇದು. ಪಟ್ಟಿಗಳಲ್ಲಿ ಕೊಡುವುದು ತಟಸ್ಥ ಪರಮಾಣುವಿನ ರಾಶಿ, ಅಂದರೆ ಅದರ ಎಲ್ಲ ಎಲೆಕ್ಟ್ರಾನ್‌ಗಳೂ ಸೇರಿದ್ದು. ಪ್ರಶ್ನೆಪತ್ರಿಕೆಯಲ್ಲಿ ಮಾತ್ರ ಒಮ್ಮೊಮ್ಮೆ ನ್ಯೂಕ್ಲಿಯಸ್ಸಿನ ರಾಶಿ ಕೊಡುತ್ತಾರೆ. ಆಗ ಅದನ್ನು ಹೆಸರು ಹೇಳಿಯೇ ಕೊಟ್ಟಿರುತ್ತಾರೆ, ನಾವು ಓದದೆ ಹಾರಿಸಿಬಿಡುತ್ತೇವೆ.

ಅನುಮಾನ ಬಂದರೆ ಪಟ್ಟಿಯಲ್ಲಿ ಹೈಡ್ರೋಜನ್-1 ನೋಡಿ. 1.007825 ಯು ಅಂತ ಇದ್ದರೆ ಅದು ಪರಮಾಣುವಿನ ಪಟ್ಟಿ. 1.007276 ಇದ್ದರೆ ಬರೀ ಪ್ರೋಟಾನ್, ಅಂದರೆ ನ್ಯೂಕ್ಲಿಯಸ್ಸಿನ ಪಟ್ಟಿ. ನಡುವಿನ ವ್ಯತ್ಯಾಸ 0.000549 ಯು, ಅದೇ ಒಂದು ಎಲೆಕ್ಟ್ರಾನ್.

## ಹಂತ 3: ಎಲೆಕ್ಟ್ರಾನ್‌ಗಳನ್ನು ಬೆರಳಲ್ಲಿ ಎಣಿಸಿ

ಸೂತ್ರ ಹಾಕುವ ಮೊದಲು ಈ ಎಣಿಕೆಯನ್ನು ಒಮ್ಮೆ ಕಾಗದದ ಮೇಲೆ ಮಾಡಿ. ಮಾಡಿದ ಮೇಲೆ 2 m_e ಎಲ್ಲಿಂದ ಬಂತು ಅನ್ನುವ ಪ್ರಶ್ನೆಯೇ ಉಳಿಯುವುದಿಲ್ಲ.

ಜಿಂಕ್ ಪರಮಾಣುವಿನಲ್ಲಿ 30 ಎಲೆಕ್ಟ್ರಾನ್ ಇವೆ. ಎಲೆಕ್ಟ್ರಾನ್ ಕ್ಯಾಪ್ಚರ್‌ನಲ್ಲಿ ನ್ಯೂಕ್ಲಿಯಸ್ ತನ್ನದೇ ಶೆಲ್‌ನಿಂದ ಒಂದನ್ನು ಒಳಗೆ ಎಳೆದುಕೊಳ್ಳುತ್ತದೆ. ಹೊರಗೆ ಉಳಿದದ್ದು 29. ತಾಮ್ರಕ್ಕೆ ಬೇಕಾದದ್ದೂ 29. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಮೊದಲು ಇಡೀ ಜಿಂಕ್ ಪರಮಾಣು, ಕೊನೆಗೆ ಇಡೀ ತಾಮ್ರದ ಪರಮಾಣು ಮತ್ತು ಒಂದು ನ್ಯೂಟ್ರಿನೊ. ಪಟ್ಟಿಯ ಎರಡು ರಾಶಿಗಳನ್ನು ಕಳೆದರೆ ಸಾಕು, ಎಲೆಕ್ಟ್ರಾನ್ ತಿದ್ದುಪಡಿ ಬೇಡ.

ಇಲ್ಲಿ ಒಂದು ಪ್ರಶ್ನೆ ಪ್ರತಿ ಬ್ಯಾಚಿನಲ್ಲೂ ಬರುತ್ತದೆ: "ಸರ್, ಎಲೆಕ್ಟ್ರಾನ್ ಒಳಗೆ ಹೋಗಿದೆ ಅಲ್ವಾ, ಅದರ ರಾಶಿ ಸೇರಿಸಬೇಡ್ವಾ?" ಬೇಡ. ಆ ಎಲೆಕ್ಟ್ರಾನ್ ಹೊರಗಿನಿಂದ ಬಂದದ್ದಲ್ಲ. ಜಿಂಕ್ ಪರಮಾಣುವಿನ ರಾಶಿಯಲ್ಲಿ ಅದು ಮೊದಲೇ ಸೇರಿದೆ.

ಈಗ ಪಾಸಿಟ್ರಾನ್ ದಾರಿ. ನ್ಯೂಕ್ಲಿಯಸ್ 29ಕ್ಕೆ ಇಳಿಯಿತು, ಆದರೆ ಹೊರಗಿನ 30 ಎಲೆಕ್ಟ್ರಾನ್‌ಗಳನ್ನು ಯಾರೂ ಮುಟ್ಟಲಿಲ್ಲ. ತಾಮ್ರಕ್ಕೆ 29 ಸಾಕು, ಒಂದು ಹೆಚ್ಚಾಯಿತು. ಅದರ ಮೇಲೆ ಹೊಸದಾಗಿ ಹುಟ್ಟಿದ ಪಾಸಿಟ್ರಾನ್ ಬೇರೆ. ಅದರ ರಾಶಿಯೂ ಎಲೆಕ್ಟ್ರಾನಿನಷ್ಟೇ. ಅಂದರೆ ಕೊನೆಯಲ್ಲಿ ಇರುವುದು ತಾಮ್ರದ ಪರಮಾಣು, ಹೆಚ್ಚಾದ ಒಂದು ಎಲೆಕ್ಟ್ರಾನ್, ಒಂದು ಪಾಸಿಟ್ರಾನ್, ಒಂದು ನ್ಯೂಟ್ರಿನೊ. ಒಂದು m_e ಹುಟ್ಟಿದ ಪಾಸಿಟ್ರಾನ್‌ಗೆ, ಇನ್ನೊಂದು ಹೆಚ್ಚಾದ ಎಲೆಕ್ಟ್ರಾನ್‌ಗೆ.

```
Q(EC)  = (M_ತಾಯಿ − M_ಮಗಳು) × 931.494
Q(β+)  = (M_ತಾಯಿ − M_ಮಗಳು) × 931.494 − 1.022
```

Q ಅಂದರೆ ಸಿಗುವ ಎನರ್ಜಿ, EC ಅಂದರೆ ಕ್ಯಾಪ್ಚರ್, β+ ಅಂದರೆ ಪಾಸಿಟ್ರಾನ್ ದಾರಿ. ಇವೆರಡೂ ಪರಮಾಣು ರಾಶಿಗೆ ಮಾತ್ರ. ಪ್ರಶ್ನೆಯಲ್ಲಿ ನ್ಯೂಕ್ಲಿಯಸ್ಸಿನ ರಾಶಿ ಕೊಟ್ಟಿದ್ದರೆ ಕ್ಯಾಪ್ಚರ್‌ಗೆ 0.511 ಕೂಡಿಸಬೇಕು, ಪಾಸಿಟ್ರಾನ್‌ಗೆ 0.511 ಕಳೆಯಬೇಕು. ಎರಡೂ ಬಗೆಯಲ್ಲಿ ಕೊನೆಯ ಉತ್ತರ ಒಂದೇ ಬರುತ್ತದೆ.

## ಹಂತ 4: ಕಳೆಯಿರಿ, ಆದರೆ ಅಂಕೆಗಳನ್ನು ಮೊಟಕು ಮಾಡಬೇಡಿ

```
Zn-65       64.9292405 u
Cu-65       64.9277895 u
ವ್ಯತ್ಯಾಸ       0.0014510 u
× 931.494 = 1.352 MeV
```

ಜಿಂಕ್-65ರ ಕ್ಯಾಪ್ಚರ್‌ಗೆ 1.352 ಎಂಇವಿ ಸಿಗುತ್ತದೆ. ಪಾಸಿಟ್ರಾನ್‌ಗೆ 1.352ರಿಂದ 1.022 ಹೋಗಿ 0.330 ಎಂಇವಿ ಉಳಿಯುತ್ತದೆ. ಎರಡೂ ಸೊನ್ನೆಗಿಂತ ಹೆಚ್ಚು, ಹಾಗಾಗಿ ಎರಡಕ್ಕೂ ದಾರಿ ಇದೆ.

ಇದನ್ನೇ ಮೂರು ದಶಮಾಂಶಕ್ಕೆ ಸರಿಮಾಡಿಕೊಂಡು ಮಾಡಿದರೆ ಏನಾಗುತ್ತದೆ ನೋಡಿ. 64.929ರಿಂದ 64.928 ಕಳೆದರೆ 0.001 ಯು, ಅಂದರೆ 0.931 ಎಂಇವಿ. ಅದು 1.022ಕ್ಕಿಂತ ಕಡಿಮೆ. "ಪಾಸಿಟ್ರಾನ್ ಸಾಧ್ಯವಿಲ್ಲ" ಅಂತ ಬರೆದು ಮುಗಿಸುತ್ತೀರಿ, ಉತ್ತರ ಪೂರ್ತಿ ತಪ್ಪು. ನಾಲ್ಕು ದಶಮಾಂಶ ಇಟ್ಟುಕೊಂಡರೆ 1.304 ಬರುತ್ತದೆ. ತೀರ್ಮಾನ ಸರಿ, ಎನರ್ಜಿ ತಪ್ಪು. ಹತ್ತಿರ ಹತ್ತಿರ ಇರುವ ಎರಡು ದೊಡ್ಡ ಸಂಖ್ಯೆಗಳನ್ನು ಕಳೆದಾಗ ಮುಂದಿನ ಅಂಕೆಗಳೆಲ್ಲ ಹೊಡೆದುಹೋಗುತ್ತವೆ, ನಿಮಗೆ ಬೇಕಾದದ್ದು ಬಾಲದಲ್ಲಿ ಮಾತ್ರ ಉಳಿಯುತ್ತದೆ. ಸರಿಮಾಡುವುದಿದ್ದರೆ ಎಂಇವಿಗೆ ಬದಲಿಸಿದ ಮೇಲೆ, ಕೊನೆಯಲ್ಲಿ ಮಾಡಿ.

ಇನ್ನೆರಡು ಲೆಕ್ಕ ಚುಟುಕಾಗಿ:

```
Be-7 → Li-7    7.0169287 −  7.0160034 = 0.0009253 u = 0.862 MeV
F-18 → O-18   18.0009373 − 17.9991596 = 0.0017777 u = 1.656 MeV
```

ಕೆಲವು ಪಟ್ಟಿಗಳಲ್ಲಿ ಪೂರ್ತಿ ರಾಶಿಯ ಬದಲು, ಅದರಿಂದ ಒಟ್ಟು ಸಂಖ್ಯೆಯಷ್ಟು ಯು ಕಳೆದು ಉಳಿಯುವ ರಾಶಿಯ ಹೆಚ್ಚಳವನ್ನು ಕೆಇವಿಯಲ್ಲಿ ಕೊಟ್ಟಿರುತ್ತಾರೆ. ಒಟ್ಟು ಸಂಖ್ಯೆ ಎರಡಕ್ಕೂ ಒಂದೇ ಆದ್ದರಿಂದ ಹೆಚ್ಚಳಗಳನ್ನೇ ನೇರವಾಗಿ ಕಳೆಯಬಹುದು, ಗುಣಾಕಾರದ ಗೋಜಿಲ್ಲ. ಎಚ್ಚರ ಬೇಕಾದದ್ದು ಚಿಹ್ನೆಯಲ್ಲಿ. ಫ್ಲೋರಿನ್-18ಕ್ಕೆ +873, ಆಕ್ಸಿಜನ್-18ಕ್ಕೆ −783. ಋಣವನ್ನು ಕಳೆದರೆ ಕೂಡುತ್ತದೆ, 1656 ಕೆಇವಿ. ಮೈನಸ್ ಮರೆತವರಿಗೆ 90 ಬರುತ್ತದೆ.

## ಹಂತ 5: ಮೂರು ಗುಂಪಿನಲ್ಲಿ ಯಾವುದು ಅಂತ ನೋಡಿ

ವ್ಯತ್ಯಾಸ ಸೊನ್ನೆಗಿಂತ ಕಡಿಮೆಯಾದರೆ ಎರಡೂ ಆಗುವುದಿಲ್ಲ. ಸೊನ್ನೆಗೂ 1.022ಕ್ಕೂ ನಡುವೆ ಇದ್ದರೆ ಕ್ಯಾಪ್ಚರ್ ಮಾತ್ರ. 1.022 ದಾಟಿದರೆ ಎರಡೂ ಸಾಧ್ಯ.

ಬೆರಿಲಿಯಮ್-7ರ 0.862 ನಡುವಿನ ಗುಂಪಿಗೆ ಬಂತು. ಅದು ಕ್ಯಾಪ್ಚರ್‌ನಿಂದ ಮಾತ್ರ ಒಡೆಯುತ್ತದೆ, ಅರ್ಧಾಯು ಸುಮಾರು 53 ದಿನ. ಅದರ ಎಲೆಕ್ಟ್ರಾನ್‌ಗಳನ್ನೆಲ್ಲ ಕಿತ್ತುಹಾಕಿ ಬರೀ ನ್ಯೂಕ್ಲಿಯಸ್ ಉಳಿಸಿದರೆ ಶೆಲ್‌ನಿಂದ ಹಿಡಿದುಕೊಳ್ಳಲು ಏನೂ ಇರುವುದಿಲ್ಲ, ಆ ದಾರಿ ಮುಚ್ಚಿಹೋಗುತ್ತದೆ. ಪಾಸಿಟ್ರಾನ್ ದಾರಿಯಂತೂ ಮೊದಲೇ ಇಲ್ಲ.

ತಟಸ್ಥ ಪರಮಾಣುವಿನಲ್ಲಿ ಪಾಸಿಟ್ರಾನ್ ಮಾತ್ರ ಸಾಧ್ಯ, ಕ್ಯಾಪ್ಚರ್ ಅಸಾಧ್ಯ ಅನ್ನುವ ಗುಂಪು ಇಲ್ಲ. 1.022 ಇರುವ ಕಡೆ ಕ್ಯಾಪ್ಚರ್‌ಗೆ ಬೇಕಾದ ಎನರ್ಜಿ ಇದ್ದೇ ಇರುತ್ತದೆ. ನಿಮ್ಮ ಉತ್ತರ ಹಾಗೆ ಬಂದಿದ್ದರೆ ಎರಡು ಸೂತ್ರಗಳು ಅದಲುಬದಲಾಗಿವೆ.

ಇನ್ನೊಂದು ಮಾತು. ಎನರ್ಜಿ ಸಾಕು ಅಂದರೆ ದಾರಿ ತೆರೆದಿದೆ ಅಂತಷ್ಟೇ ಅರ್ಥ. ಆ ದಾರಿಯಲ್ಲಿ ಎಷ್ಟು ಹೋಗುತ್ತವೆ ಅನ್ನುವುದು ಈ ಕಳೆಯುವ ಲೆಕ್ಕದಿಂದ ಬರುವುದಿಲ್ಲ. ಫ್ಲೋರಿನ್-18ಕ್ಕೆ ಪಾಸಿಟ್ರಾನ್ ಪಾಲಿಗೆ ಉಳಿಯುವುದು 0.634 ಎಂಇವಿ, ಅದರಲ್ಲಿ ಸುಮಾರು 97% ಪಾಸಿಟ್ರಾನ್ ಹಾದಿ ಹಿಡಿಯುತ್ತವೆ. ಜಿಂಕ್-65ಕ್ಕೆ 0.330 ಉಳಿದರೂ ಪಾಸಿಟ್ರಾನ್ ಪಾಲು ಬರೀ 1.4%. ಎನರ್ಜಿ ಕಡಿಮೆಯಾದಷ್ಟೂ ಪಾಸಿಟ್ರಾನ್ ದಾರಿ ಇಕ್ಕಟ್ಟಾಗುತ್ತದೆ. ಜೊತೆಗೆ ನ್ಯೂಕ್ಲಿಯಸ್ಸಿನ ಧನ ಆವೇಶ ಹೆಚ್ಚಾದಂತೆ ಒಳಗಿನ ಎಲೆಕ್ಟ್ರಾನ್‌ಗಳು ನ್ಯೂಕ್ಲಿಯಸ್ಸಿಗೆ ಇನ್ನೂ ಹತ್ತಿರ ಬರುತ್ತವೆ, ಕ್ಯಾಪ್ಚರ್ ಸುಲಭವಾಗುತ್ತದೆ. 9 ಪ್ರೋಟಾನ್‌ಗಳ ಫ್ಲೋರಿನ್‌ಗೂ 30 ಪ್ರೋಟಾನ್‌ಗಳ ಜಿಂಕ್‌ಗೂ ಇಷ್ಟು ಅಂತರ ಬರುವುದು ಇವೆರಡೂ ಕೂಡಿದ್ದರಿಂದ.

ಫ್ಲೋರಿನ್-18 ನಮ್ಮ ಮುಂಬೈಗೆ ಹೊಸದಲ್ಲ. ಪರೇಲಿನ ರೇಡಿಯೇಷನ್ ಮೆಡಿಸಿನ್ ಸೆಂಟರ್‌ನಲ್ಲಿ ಮೆಡಿಕಲ್ ಸೈಕ್ಲೋಟ್ರಾನ್ ಇದೆ. ಆಕ್ಸಿಜನ್-18 ಹೆಚ್ಚಾಗಿರುವ ನೀರಿಗೆ ಪ್ರೋಟಾನ್ ಹೊಡೆದು ಫ್ಲೋರಿನ್-18 ಮಾಡುತ್ತಾರೆ. ಪೆಟ್ ಸ್ಕ್ಯಾನಿನಲ್ಲಿ ರೋಗಿಯ ದೇಹದೊಳಗೆ ಅದು ಮತ್ತೆ ಆಕ್ಸಿಜನ್-18 ಆಗುತ್ತದೆ. ಅರ್ಧಾಯು ಸುಮಾರು 110 ನಿಮಿಷ. ಸ್ಕ್ಯಾನರ್ ಹಿಡಿಯುವುದು ಪಾಸಿಟ್ರಾನನ್ನಲ್ಲ. ಪಾಸಿಟ್ರಾನ್ ಒಂದು ಎಲೆಕ್ಟ್ರಾನಿಗೆ ಸಿಕ್ಕು ಇಬ್ಬರೂ ಅಳಿದಾಗ ಎದುರುಬದುರು ದಿಕ್ಕಿಗೆ ಹೊರಡುವ 511 ಕೆಇವಿಯ ಎರಡು ಗಾಮಾಗಳನ್ನು. ಕ್ಯಾಪ್ಚರ್ ಆದ 3% ಫ್ಲೋರಿನ್ ಆ ಚಿತ್ರಕ್ಕೆ ಏನೂ ಕೊಡುವುದಿಲ್ಲ.

## ಹಂತ 6: ಮಗಳ ಮೇಲಿನ ಲೆವೆಲ್‌ಗಳಿಗೆ ಬೇರೆ ಬೇರೆ ಲೆಕ್ಕ

ಇಲ್ಲಿಯವರೆಗೆ ಸರಿಯಾಗಿ ಬಂದವರೂ ಇಲ್ಲಿ ನಿಂತುಬಿಡುತ್ತಾರೆ. ರಾಶಿ ವ್ಯತ್ಯಾಸದಿಂದ ಬಂದ ಎನರ್ಜಿ, ಮಗಳು ಎಲ್ಲಕ್ಕಿಂತ ಕೆಳಗಿನ ಲೆವೆಲ್‌ಗೆ ನೇರವಾಗಿ ಬಂದು ಕೂತರೆ ಸಿಗುವಂಥದ್ದು. ಮಗಳು ಮೇಲಿನ ಲೆವೆಲ್‌ನಲ್ಲಿ ಹುಟ್ಟಿದರೆ ಆ ಲೆವೆಲ್‌ನ ಎನರ್ಜಿಯನ್ನು ಮೊದಲು ಕಳೆಯಬೇಕು. ಉಳಿದದ್ದನ್ನು ಮತ್ತೆ 1.022ಕ್ಕೆ ಹೋಲಿಸಬೇಕು.

ತಾಮ್ರ-65ಕ್ಕೆ 1.116 ಎಂಇವಿಯಲ್ಲಿ ಒಂದು ಲೆವೆಲ್ ಇದೆ.

```
ಕೆಳಗಿನ ಲೆವೆಲ್‌ಗೆ : 1.352           → EC ಸಾಧ್ಯ, β+ ಸಾಧ್ಯ
1.116 ಲೆವೆಲ್‌ಗೆ  : 1.352 − 1.116 = 0.236 → EC ಮಾತ್ರ
```

ಜಿಂಕ್-65ರಲ್ಲಿ ಸುಮಾರು ಅರ್ಧದಷ್ಟು ಈ 1.116 ಲೆವೆಲ್‌ಗೇ ಹೋಗುತ್ತವೆ. ಆ ಅರ್ಧಕ್ಕೆ ಪಾಸಿಟ್ರಾನ್ ಬಾಗಿಲೇ ಇಲ್ಲ. "ಜಿಂಕ್-65ಕ್ಕೆ ಪಾಸಿಟ್ರಾನ್ ಸಾಧ್ಯವೇ?" ಅಂತ ಕೇಳಿದರೆ ಯಾವ ಲೆವೆಲ್‌ಗೆ ಅಂತಲೂ ಹೇಳಿದಾಗಲೇ ಉತ್ತರ ಪೂರ್ತಿಯಾಗುತ್ತದೆ.

ಕಾಲೇಜ್ ಲ್ಯಾಬಿನ ಸೋಡಿಯಮ್-22 ಸೋರ್ಸಿನಲ್ಲೂ ಇದೇ ಕಥೆ. ರಾಶಿ ವ್ಯತ್ಯಾಸ 2.842 ಎಂಇವಿ. 1.022 ಕಳೆದು ಪಾಸಿಟ್ರಾನಿನ ಗರಿಷ್ಠ ಎನರ್ಜಿ 1.820 ಅಂತ ಬರೆದರೆ ಅಳತೆಗೆ ಹೊಂದುವುದಿಲ್ಲ. ಅದು ಹೆಚ್ಚುಕಡಿಮೆ ಯಾವಾಗಲೂ ನಿಯಾನ್-22ರ 1.275 ಲೆವೆಲ್‌ಗೆ ಹೋಗುತ್ತದೆ. ಅದನ್ನೂ ಕಳೆದರೆ 0.545, ಅಳತೆಯಲ್ಲಿ ಸಿಗುವುದೂ ಇಷ್ಟೇ.

## ಹಂತ 7: ಉತ್ತರದ ಎನರ್ಜಿ ಯಾರ ಪಾಲಿಗೆ ಅಂತ ತಿಳಿದುಕೊಳ್ಳಿ

ಪಾಸಿಟ್ರಾನ್ ದಾರಿಯಲ್ಲಿ ಬಂದ 0.330 ಎಂಇವಿಯನ್ನು ಪಾಸಿಟ್ರಾನ್ ಮತ್ತು ನ್ಯೂಟ್ರಿನೊ ಹಂಚಿಕೊಳ್ಳುತ್ತವೆ. ಹಂಚಿಕೆ ಪ್ರತಿ ಸಲ ಬೇರೆ. ಹಾಗಾಗಿ 0.330 ಅಂದರೆ ಪಾಸಿಟ್ರಾನ್‌ಗೆ ಸಿಗಬಹುದಾದ ಗರಿಷ್ಠ. ಸರಾಸರಿ ಅದರ ಅರ್ಧಕ್ಕಿಂತ ಕೊಂಚ ಕಡಿಮೆ.

ಕ್ಯಾಪ್ಚರ್‌ನಲ್ಲಿ ಹೊರಬರುವುದು ನ್ಯೂಟ್ರಿನೊ ಒಂದೇ. ಹೆಚ್ಚುಕಡಿಮೆ ಎಲ್ಲ ಎನರ್ಜಿಯನ್ನೂ ಅದೇ ಒಯ್ಯುತ್ತದೆ. ಆದರೆ ಶೆಲ್‌ನಲ್ಲಿ ಒಂದು ಖಾಲಿ ಜಾಗ ಉಳಿದಿರುತ್ತದೆ. ಅದನ್ನು ತುಂಬುವಾಗ ಎಕ್ಸ್-ರೇ ಅಥವಾ ಓಷೆ ಎಲೆಕ್ಟ್ರಾನ್ ಬರುತ್ತದೆ. ಜಿಂಕ್-65ರ ವಿಷಯದಲ್ಲಿ ಆ ಎಕ್ಸ್-ರೇ ತಾಮ್ರದ್ದು, ಸುಮಾರು 8 ಕೆಇವಿ. ಖಾಲಿ ಜಾಗ ತುಂಬುವ ಹೊತ್ತಿಗೆ ನ್ಯೂಕ್ಲಿಯಸ್ ಆಗಲೇ ತಾಮ್ರವಾಗಿರುತ್ತದೆ ಅನ್ನುವುದಕ್ಕೆ ಇದೇ ಗುರುತು.

ಎನರ್ಜಿ ತುಂಬಾ ಕಡಿಮೆ ಇರುವಾಗ ಈ ಖಾಲಿ ಜಾಗವೇ ತಡೆಯಾಗುತ್ತದೆ. ಸೀಸ-205ರ ವ್ಯತ್ಯಾಸ ಸುಮಾರು 51 ಕೆಇವಿ. ಮಗಳು ಥ್ಯಾಲಿಯಮ್. ಅದರ ಕೆ ಶೆಲ್ ಎಲೆಕ್ಟ್ರಾನ್ ಕೀಳಲು 85 ಕೆಇವಿಗೂ ಜಾಸ್ತಿ ಬೇಕು. ಹಾಗಾಗಿ ಕೆ ಶೆಲ್‌ನಿಂದ ಕ್ಯಾಪ್ಚರ್ ಆಗುವುದಿಲ್ಲ, ಹೊರಗಿನ ಎಲ್ ಶೆಲ್ ಮತ್ತು ಅದರಾಚೆಯಿಂದ ಮಾತ್ರ. ವ್ಯತ್ಯಾಸ ನೂರು ಕೆಇವಿಗಿಂತ ಕೆಳಗೆ ಬಂದಾಗ ಮಗಳ ಬೈಂಡಿಂಗ್ ಎನರ್ಜಿ ನೋಡುವ ಅಭ್ಯಾಸ ಇಟ್ಟುಕೊಳ್ಳಿ. ನೋಡಬೇಕಾದದ್ದು ಮಗಳದ್ದು, ತಾಯಿಯದ್ದಲ್ಲ. ಜಿಂಕ್, ಬೆರಿಲಿಯಮ್‌ಗಳಲ್ಲಿ ಇದನ್ನು ಬಿಟ್ಟರೂ ತೀರ್ಮಾನ ಬದಲಾಗುವುದಿಲ್ಲ.

## ತಪ್ಪಾಗಿದೆ ಅಂತ ಉತ್ತರವೇ ಹೇಳುತ್ತದೆ

ಫ್ಲೋರಿನ್-18ರ ಪಾಸಿಟ್ರಾನ್ ಎನರ್ಜಿಯನ್ನು ಮಾಡಿ ನೋಡಿ. ಬಂದ ಅಂಕೆಯಿಂದಲೇ ಎಲ್ಲಿ ಜಾರಿದಿರಿ ಅಂತ ಗೊತ್ತಾಗುತ್ತದೆ.

- 0.634 ಬಂದರೆ ಸರಿ.
- 1.656 ಬಂದರೆ ಎಲೆಕ್ಟ್ರಾನ್ ಕಳೆದೇ ಇಲ್ಲ. ಅದು ಕ್ಯಾಪ್ಚರ್‌ನ ಉತ್ತರ.
- 1.145 ಬಂದರೆ ಒಂದೇ ಸಲ ಕಳೆದಿದ್ದೀರಿ. ಹುಟ್ಟಿದ ಪಾಸಿಟ್ರಾನ್ ನೆನಪಿದೆ, ಹೆಚ್ಚಾದ ಎಲೆಕ್ಟ್ರಾನ್ ಮರೆತಿದೆ. ಬಹಳ ಜನ ಇಲ್ಲೇ ಇರುತ್ತಾರೆ.
- 0.123 ಬಂದರೆ ನ್ಯೂಕ್ಲಿಯಸ್ಸಿನ ರಾಶಿ ಹಾಕಿ, ಅದರ ಮೇಲೆ ಪರಮಾಣುವಿನ ಸೂತ್ರದ 1.022 ಕಳೆದಿದ್ದೀರಿ.
- ಋಣ ಬಂದರೆ ತಾಯಿ ಮಗಳು ಅದಲುಬದಲಾಗಿದ್ದಾರಾ ನೋಡಿ.

ಲ್ಯಾಬಿನಲ್ಲಿ ಪರೀಕ್ಷಿಸುವವರಿಗೆ ಒಂದು ಎಚ್ಚರಿಕೆ. ಗಾಮಾ ಸ್ಪೆಕ್ಟ್ರಮ್‌ನಲ್ಲಿ 511 ಕೆಇವಿ ಪೀಕ್ ಕಂಡರೆ ಪಾಸಿಟ್ರಾನ್ ಇದೆ ಅನ್ನುವುದಕ್ಕೆ ಅದು ಸೂಚನೆ, ಆದರೆ ಅದು ಸೋರ್ಸಿನಿಂದಲೇ ಬಂತು ಅಂತ ಅಲ್ಲ. ಹೆಚ್ಚು ಎನರ್ಜಿಯ ಗಾಮಾಗಳು ಸುತ್ತಲಿನ ಸೀಸದಲ್ಲಿ ಎಲೆಕ್ಟ್ರಾನ್-ಪಾಸಿಟ್ರಾನ್ ಜೋಡಿ ಹುಟ್ಟಿಸಿದರೂ ಅದೇ ಪೀಕ್ ಬರುತ್ತದೆ. ಸೋರ್ಸ್ ತೆಗೆದು ಅಷ್ಟೇ ಹೊತ್ತು ಎಣಿಸಿ, ಆ ಎಣಿಕೆಯನ್ನು ಕಳೆಯಿರಿ. ಇನ್ನೊಂದು ಕಡೆ, ಸೋಡಿಯಮ್ ಅಯೋಡೈಡ್ ಡಿಟೆಕ್ಟರ್‌ನಲ್ಲಿ 8 ಕೆಇವಿ ಎಕ್ಸ್-ರೇ ಕಾಣಲಿಲ್ಲ ಅಂತ ಕ್ಯಾಪ್ಚರ್ ಆಗಿಲ್ಲ ಅಂದುಕೊಳ್ಳಬೇಡಿ. ಡಿಟೆಕ್ಟರಿನ ಅಲ್ಯೂಮಿನಿಯಮ್ ಹೊದಿಕೆಯೇ ಅದನ್ನು ತಡೆದುಬಿಡುತ್ತದೆ.

## ನೀವೇ ಮಾಡಿ ನೋಡಲು ಎರಡು

```
Cr-51   50.9447654 u      V-51    50.9439577 u
K-40    39.9639982 u      Ar-40   39.9623831 u
```

ಕ್ರೋಮಿಯಮ್-51ಕ್ಕೆ 0.752 ಎಂಇವಿ ಬರಬೇಕು. ಕ್ಯಾಪ್ಚರ್ ಮಾತ್ರ.

ಪೊಟ್ಯಾಸಿಯಮ್-40 ಬೇರೆ ದಾರಿಯಲ್ಲಿ ಕ್ಯಾಲ್ಸಿಯಮ್-40 ಕೂಡ ಆಗುತ್ತದೆ, ಅದೇ ಅದರ ದೊಡ್ಡ ಪಾಲು. ಇಲ್ಲಿ ಆರ್ಗಾನ್ ಕಡೆ ಮಾತ್ರ ನೋಡೋಣ. 1.504 ಎಂಇವಿ ಬರುತ್ತದೆ, ಅಂದರೆ ಗೆರೆ ದಾಟಿದೆ, ಪಾಸಿಟ್ರಾನ್‌ಗೆ 0.482 ಉಳಿಯುತ್ತದೆ. ಈಗ ಆರನೇ ಹಂತ ಹಾಕಿ. ಆರ್ಗಾನ್-40ಕ್ಕೆ 1.461ರಲ್ಲಿ ಲೆವೆಲ್ ಇದೆ, ಅಲ್ಲಿಗೆ ಉಳಿಯುವುದು 0.043 ಮಾತ್ರ. ಅಲ್ಲಿಗೆ ಕ್ಯಾಪ್ಚರ್ ಒಂದೇ. ಆರ್ಗಾನಿನ ಕೆ ಶೆಲ್‌ಗೆ 3 ಕೆಇವಿ ಚಿಲ್ಲರೆ ಸಾಕಾದ್ದರಿಂದ ಏಳನೇ ಹಂತದ ತಡೆಯೂ ಇಲ್ಲ. ಆರ್ಗಾನ್ ಕಡೆ ಹೋಗುವ ಹೆಚ್ಚುಕಡಿಮೆ ಎಲ್ಲ ಪರಮಾಣುಗಳೂ ಎನರ್ಜಿ ಕಡಿಮೆ ಇರುವ ಈ ಲೆವೆಲ್‌ಗೇ ಹೋಗುತ್ತವೆ. ಕೆಳಗಿನ ಲೆವೆಲ್‌ಗೆ ನೇರ ಇಳಿಯಲು ನ್ಯೂಕ್ಲಿಯಸ್ಸಿನ ಸ್ಪಿನ್ 4ರಿಂದ ಸೊನ್ನೆಗೆ ಬರಬೇಕು, 1.461 ಲೆವೆಲ್‌ಗಾದರೆ 2ಕ್ಕೆ ಇಳಿದರೆ ಸಾಕು. ಪಾಸಿಟ್ರಾನ್ ದಾರಿ ತೆರೆದಿದ್ದರೂ ಅದರಲ್ಲಿ ಹೋಗುವುದು ಲಕ್ಷಕ್ಕೆ ಒಂದರಷ್ಟು ಮಾತ್ರ.